ಚೆಕ್‌ರೋಲ್‌ನಿಂದಲೇ ಗಾಯದ ದರ ತೆಗೆದೆವು: ಬಂದು ಹೋಗುವ ಕಾರ್ಮಿಕರ ಲೆಕ್ಕ

ಎಸ್ಟೇಟ್ ಚೆಕ್‌ರೋಲ್ ಇಟ್ಟುಕೊಂಡು ಇನ್ಸಿಡೆನ್ಸ್ ರೇಟ್, ಅಂದರೆ ಇಷ್ಟು ದಿನದ ಕೆಲಸಕ್ಕೆ ಇಷ್ಟು ಗಾಯ ಅನ್ನೋ ದರ, ತೆಗೆಯುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. ಅದು ಸಂಬಳಕ್ಕೆ ಬರೆಯೋ ಪುಸ್ತಕ, ಅಧ್ಯಯನಕ್ಕಲ್ಲ ಅಂದರು. ಈಗ ಕೆಲಸ ಆಗಿದೆ, ಸಂಖ್ಯೆಗಳು ನಿಂತಿವೆ, ಅದಕ್ಕೇ ಬರೆಯುತ್ತಿದ್ದೇನೆ.

ಜಾಗ ಚಿಕ್ಕಮಗಳೂರು ಕಡೆಯ ಕೆಲವು ಕಾಫಿ ತೋಟಗಳು. ಕಾಫಿ ಕೊಯ್ಲು, ಆಮೇಲೆ ಮೆಣಸು ಕೊಯ್ಲು, ಒಟ್ಟು ಆರು ತಿಂಗಳ ಸೀಸನ್. ಲೈನ್ ಮನೆಗಳಲ್ಲಿ ವರ್ಷಪೂರ್ತಿ ಇರೋರು ಒಂದು ಗುಂಪು. ಮೇಸ್ತ್ರಿ ಜೊತೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದು ಹೋಗೋರು ಇನ್ನೊಂದು. ಕನಿಷ್ಠ ಒಂದು ದಿನ ಕೆಲಸ ತಪ್ಪಿಸಿದ ಮೊದಲ ಗಾಯವನ್ನಷ್ಟೇ ನಾವು ಲೆಕ್ಕಕ್ಕೆ ತಗೊಂಡೆವು.

ನಮಗಿಂತ ಮುಂಚೆ ಅಲ್ಲೇ ಒಂದು ಸರ್ವೆ ನಡೆದಿತ್ತು. ಟ್ಯಾಬ್ಲೆಟ್, ಆ್ಯಪ್, ಹುಡುಗರ ಓಡಾಟ ಎಲ್ಲ ಸೇರಿ ಲಕ್ಷದ ಮೇಲೆ ಖರ್ಚಾಗಿತ್ತು. ಸೀಸನ್ ಶುರುವಲ್ಲಿ ಹೆಸರು ಬರೆದುಕೊಂಡರು, ಕೊನೆಗೆ ಬಂದು "ಗಾಯ ಆಯ್ತಾ?" ಅಂತ ಕೇಳಿದರು. ಅಷ್ಟರಲ್ಲಿ ಹೊರಗಿನೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಊರಿಗೆ ಹೋಗಿಯಾಗಿತ್ತು, ನಡುವೆ ಬಂದೋರ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ದುಡ್ಡು ಹೋಯ್ತು, ಗಾಯಗಳನ್ನು ಭಾಗಿಸಬೇಕಾದ ಕೆಳಗಿನ ಸಂಖ್ಯೆ, ಅಂದರೆ ಡಿನಾಮಿನೇಟರ್, ಸಿಗಲಿಲ್ಲ. ನಾನು ಮಾಡಿದ್ದು ಇಷ್ಟೇ: ಚೆಕ್‌ರೋಲ್ ಪುಟಗಳ ಫೋಟೋ ತೆಗೆಸಿದೆ, ಪುಟಕ್ಕೆ ಇಷ್ಟು ಅಂತ ಕೊಟ್ಟು ಟೈಪ್ ಮಾಡಿಸಿದೆ. ಅಜಮಾಸು ಇಪ್ಪತ್ತು ಸಾವಿರದಲ್ಲಿ ಮುಗಿಯಿತು. ಯಾರು ಯಾವತ್ತು ಕೆಲಸಕ್ಕೆ ಬಂದರು, ಅರ್ಧ ದಿನವೋ ಪೂರ್ತಿಯೋ, ಎಲ್ಲಾ ಅದರಲ್ಲೇ ಇರುತ್ತದೆ. ಸಂಬಳದ ವಿಷಯ ಆದ್ದರಿಂದ ಬರೆಯೋರೂ ಹುಷಾರು, ಬರೆಸಿಕೊಳ್ಳೋರೂ ಹುಷಾರು.

ನೆನಪಿನಿಂದ ಹೇಳುತ್ತೇನೆ. ಲೈನ್ ಮನೆಯೋರು 120 ಜನ, ಗಾಯ 18. ಹೊರಗಿನೋರು 280 ಜನ, ಗಾಯ 22. ತಲೆ ಎಣಿಸಿ ಭಾಗಿಸಿದರೆ 15 ಪರ್ಸೆಂಟ್ ಮತ್ತು 8 ಪರ್ಸೆಂಟ್. ಇದನ್ನೇ ನೋಡಿ ಒಬ್ಬ ಮ್ಯಾನೇಜರ್ "ಹೊರಗಿನೋರೇ ಹುಷಾರಾಗಿ ಕೆಲಸ ಮಾಡ್ತಾರೆ" ಅಂದಿದ್ದರು. ಆದರೆ ಲೈನ್ ಮನೆಯೋರು ಸರಾಸರಿ 150 ದಿನ ಕೆಲಸಕ್ಕೆ ಬಂದಿದ್ದರು, ಹೊರಗಿನೋರು ಬರೀ 40 ದಿನ. ಅಂದರೆ 18,000 ವ್ಯಕ್ತಿ-ದಿನ ಒಂದು ಕಡೆ, 11,200 ಇನ್ನೊಂದು ಕಡೆ. ಸಾವಿರ ವ್ಯಕ್ತಿ-ದಿನಕ್ಕೆ ಲೈನ್ ಮನೆಯೋರಲ್ಲಿ 1 ಗಾಯ, ಹೊರಗಿನೋರಲ್ಲಿ ಹತ್ತಿರ ಹತ್ತಿರ 2. ಮಾತು ಪೂರ್ತಿ ತಿರುಗಿ ನಿಂತಿತು. ಮೂರು ದಿನ ಇದ್ದು ಹೋದೋನನ್ನೂ ಆರು ತಿಂಗಳು ಇದ್ದೋನನ್ನೂ ತಲಾ ಒಂದು ಅಂತ ಎಣಿಸಿದರೆ ಆ ಪರ್ಸೆಂಟ್‌ಗೆ ಅರ್ಥವೇ ಇಲ್ಲ, ಅಲ್ವಾ.

ವ್ಯಕ್ತಿ-ದಿನ ಎಣಿಸುವಾಗ ನನ್ನ ಕಟ್ಟುನಿಟ್ಟು ಇಷ್ಟು. ಚೆಕ್‌ರೋಲ್‌ನಲ್ಲಿ ಹೆಸರು ಬಿದ್ದ ಮೊದಲ ದಿನದಿಂದ ಶುರು. ಮೊದಲ ಗಾಯದ ದಿನ ಅಥವಾ ಕೊನೆಯ ಹಾಜರಿ, ಯಾವುದು ಮೊದಲೋ ಅಲ್ಲಿಗೆ ನಿಲ್ಲಿಸು. ಗಾಯ ಆದೋರು ವಾಸಿಯಾಗಿ ಮತ್ತೆ ಕೆಲಸಕ್ಕೆ ಬಂದರೂ ಆ ದಿನಗಳು ಬೇಡ, ಯಾಕಂದ್ರೆ ಕೇಳುತ್ತಿರೋದು ಮೊದಲ ಗಾಯದ ಬಗ್ಗೆ. ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದರೆ ಆ ಎರಡು ವಾರ ಸೊನ್ನೆ. ಸಂತೆ ದಿನ, ರಜೆ ಕೂಡ ಸೊನ್ನೆ.

ಶುರುವಿನ ದಿನದ ವಿಷಯದಲ್ಲಿ ದೊಡ್ಡ ವಾದ ಆಯಿತು. ಆರೋಗ್ಯ ಕಾರ್ಡ್ ಮಾಡಿಸಿದ ದಿನಾಂಕದಿಂದ ತಗೊಳ್ಳಿ, ಅದು ನೀಟಾಗಿದೆ ಅಂತ ಒಬ್ಬರ ಸಲಹೆ. ಕಾರ್ಡ್ ಆಗೋದು ಬಂದು ವಾರ, ಹತ್ತು ದಿನ ಆದಮೇಲೆ. ಅಷ್ಟರೊಳಗೆ ಬಿದ್ದು ಕಾಲು ಮುರಿದುಕೊಂಡು ಊರಿಗೆ ಹೋದೋನಿಗೆ ಕಾರ್ಡೇ ಇಲ್ಲ. ಅವನು ಮೇಲಿನ ಸಂಖ್ಯೆಯಲ್ಲೂ ಇಲ್ಲ, ಕೆಳಗಿನದರಲ್ಲೂ ಇಲ್ಲ. ಉಳಿದು ಕಾರ್ಡ್ ಮಾಡಿಸಿಕೊಂಡೋರೆಲ್ಲ ಆ ವಾರವನ್ನು ಗಾಯ ಇಲ್ಲದೆ ದಾಟಿದೋರು. ಇನ್ನು ಕೆಲವರು ಗಾಯ ಮಾತ್ರ ಕಾರ್ಡಿನಿಂದ ತಗೊಂಡು ದಿನಗಳನ್ನು ಬಂದ ದಿನದಿಂದಲೇ ಎಣಿಸುತ್ತಾರೆ. ಅದು ಇನ್ನೂ ಕೆಟ್ಟದ್ದು, ಗಾಯ ಆಗಲು ಸಾಧ್ಯವೇ ಇಲ್ಲದ ದಿನಗಳು ಕೆಳಗೆ ಸೇರಿ ದರ ಇಳಿಯುತ್ತದೆ.

ಆ ಮೊದಲ ವಾರದಲ್ಲೇ ಇಡೀ ಕಥೆ ಇತ್ತು. ಹೊರಗಿನೋರ ಮೊದಲ ಏಳು ಕೆಲಸದ ದಿನಗಳನ್ನು ಬೇರೆ ಮಾಡಿದೆ: ಸುಮಾರು 1,900 ವ್ಯಕ್ತಿ-ದಿನ, 9 ಗಾಯ, ಸಾವಿರಕ್ಕೆ 4.7. ಉಳಿದ 9,300 ದಿನಗಳಲ್ಲಿ 13 ಗಾಯ, ಸಾವಿರಕ್ಕೆ 1.4. ಒಂಬತ್ತೇ ಗಾಯ, ಇದನ್ನು ನಂಬೋದು ಹೇಗೆ ಅಂತ ಕೇಳಿದರು. ಅಪರೂಪದ ಘಟನೆಗಳ ಎಣಿಕೆಗೆ ಬಳಸುವ ಪಾಯ್ಸಾನ್ ಲೆಕ್ಕದ ಪ್ರಕಾರ 95 ಪರ್ಸೆಂಟ್ ಮಿತಿ ಸಾವಿರಕ್ಕೆ 2.2ರಿಂದ 9ರವರೆಗೆ ಬರುತ್ತದೆ. ಅಗಲ ಇದೆ, ನಿಜ. ಆದರೂ ಕೆಳಗಿನ ತುದಿಯೇ 1.4ಕ್ಕಿಂತ ಮೇಲಿದೆ.

ಮ್ಯಾನೇಜರ್‌ಗೆ ಸಾವಿರ ವ್ಯಕ್ತಿ-ದಿನ ಅಂದರೆ ತಲೆಗೆ ಹೋಗಲ್ಲ. "ಒಬ್ಬ ಹೊರಗಿನೋನು 90 ದಿನ ಕೆಲಸ ಮಾಡಿದರೆ ಗಾಯ ಆಗೋ ಸಾಧ್ಯತೆ ಎಷ್ಟು?" ಅಂತ ಕೇಳುತ್ತಾರೆ. ಅದು ಕ್ಯುಮ್ಯುಲೇಟಿವ್ ಇನ್ಸಿಡೆನ್ಸ್. ದರ ಒಂದೇ ಸಮ ಅಂತ ಹಿಡಿದು ಲೆಕ್ಕ ಹಾಕಿದರೆ 16 ಪರ್ಸೆಂಟ್ ಬರುತ್ತದೆ. ಆದರೆ ದರ ಒಂದೇ ಸಮ ಇಲ್ಲ ಅಂತ ಈಗಷ್ಟೇ ನೋಡಿದೆವಲ್ಲ. ಸರಾಸರಿ 2ರೊಳಗೆ ಮೊದಲ ವಾರದ ಭಾರ ಸೇರಿಕೊಂಡಿದೆ. ಅದನ್ನು 90 ದಿನಕ್ಕೂ ಎಳೆದರೆ ಜಾಸ್ತಿ ಆಗುತ್ತದೆ. ಹೀಗೆ ತುಂಡು ಮಾಡಿ ಹಾಕಬೇಕು:

```
1 - exp(-(7*0.0047 + 83*0.0014))
```

ಸುಮಾರು 14 ಪರ್ಸೆಂಟ್. ನಡುವೆ ಬಿಟ್ಟು ಹೋದೋರನ್ನೂ ಲೆಕ್ಕಕ್ಕಿಟ್ಟು ದಿನದಿಂದ ದಿನಕ್ಕೆ ಸಾಧ್ಯತೆ ತೋರಿಸುವ ಕಪ್ಲಾನ್-ಮೆಯರ್ ಗೆರೆಯೂ ಅಲ್ಲೇ ಸುತ್ತಮುತ್ತ ಬಂತು. 90ನೇ ದಿನದ ಹೊತ್ತಿಗೆ ಉಳಿದೋರು ಬೆರಳೆಣಿಕೆಯಷ್ಟು, ಹಾಗಾಗಿ ಆ ತುದಿಯನ್ನು ಜಾಸ್ತಿ ನೆಚ್ಚಬೇಡಿ. ಇದೇ ಮೊದಲ ವಾರದ ಲೆಕ್ಕವನ್ನು ಲೈನ್ ಮನೆಯೋರಿಗೆ ಹಾಕೋಕೆ ಹೋಗಬೇಡಿ. ಅವರ ಮೊದಲ ವಾರ ಎಷ್ಟೋ ವರ್ಷದ ಹಿಂದೆ ಕಳೆದಿದೆ, ನಾವು ನೋಡೇ ಇಲ್ಲ. ಸೀಸನ್‌ನ ಮೊದಲ ವಾರ ಅವರಿಗೆ ಹೊಸದಲ್ಲ.

ಬಿಟ್ಟು ಹೋದೋರು ಸುಮ್ನೆ ಬಿಟ್ಟು ಹೋದರೋ, ಗಾಯ ಮುಚ್ಚಿಟ್ಟು ಹೋದರೋ? ಈ ಪ್ರಶ್ನೆ ಕೇಳದೆ ಸೆನ್ಸಾರ್ ಮಾಡಿದರೆ, ಅಂದರೆ ಗಾಯ ಇಲ್ಲ ಅಂತ ಹಿಡಿದು ಕೊನೆಯ ಹಾಜರಿಗೇ ಲೆಕ್ಕ ನಿಲ್ಲಿಸಿದರೆ, ದರ ಕಮ್ಮಿ ಕಾಣುತ್ತದೆ. ನಾನು ಕಂಡುಕೊಂಡ ದಾರಿ ಬಟವಾಡೆ ದಿನ. ಊರಿಗೆ ಹೋಗೋರು ಬಟವಾಡೆ ತಗೊಂಡೇ ಹೋಗುತ್ತಾರೆ. ವಾರದ ನಡುವೆ ಹಾಜರಿ ನಿಂತು ಕೂಲಿ ಬಾಕಿ ಉಳಿದಿದ್ದರೆ ಏನೋ ಆಗಿದೆ ಅಂತಲೇ ಅರ್ಥ. ಅಂಥ ಹೆಸರುಗಳನ್ನಷ್ಟೇ ಹಿಡಿದು ಮೇಸ್ತ್ರಿಗಳಿಗೆ ಫೋನ್ ಮಾಡಿದೆ. ಮೇಲೆ ಹೇಳಿದ 22ರಲ್ಲಿ ನಾಲ್ಕೋ ಐದೋ ಹಾಗೇ ಸಿಕ್ಕಿದ್ದು, ತೋಟದ ಡಿಸ್ಪೆನ್ಸರಿ ರಿಜಿಸ್ಟರ್‌ನಲ್ಲಿ ಇರಲೇ ಇಲ್ಲ. ಒಂದೇ ಹೆಸರು ಎರಡು ತೋಟದಲ್ಲಿ ಎರಡು ಥರ ಬರೆದಿದ್ದರೆ ಒಬ್ಬನೇ ಅಂತ ಹೇಗೆ ಹಿಡಿಯುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ, ಅದು ನಮ್ಮ ಟೀಮಿನದ್ದು.

ನಡುವೆ ಇನ್ನೊಂದು ಪ್ರಯೋಗ ಮಾಡಿ ನೋಡಿದೆ. ಕಾಫಿ ಹಣ್ಣು ಕೊಯ್ಲಿಗೆ ಕೆಜಿ ಲೆಕ್ಕದಲ್ಲಿ ಕೂಲಿ, ಆ ಕೆಜಿಯನ್ನೇ ಡಿನಾಮಿನೇಟರ್ ಮಾಡಿದರೆ ಹೇಗೆ ಅಂತ. ಕೊಯ್ಲಿನ ಮಟ್ಟಿಗೆ ಚೆನ್ನಾಗಿ ಕೆಲಸ ಮಾಡಿತು. ಕಪಾತು, ಮೆಣಸಿನ ಏಣಿ ಕೆಲಸಕ್ಕೆ ಬಂದಾಗ ಕೆಜಿ ಹೊಂದಲಿಲ್ಲ, ಬಿಟ್ಟೆ.

ಏಣಿ ಕೆಲಸದ ಗಾಯದ ದರವೇ ಬೇರೆ ಇದ್ದೇ ಇರುತ್ತದೆ, ಆದರೆ ಯಾರು ಯಾವತ್ತು ಏಣಿ ಹತ್ತಿದರು ಅಂತ ಹಳೆಯ ಚೆಕ್‌ರೋಲ್‌ನಲ್ಲಿ ಬರೆದಿರಲಿಲ್ಲ. ಈಗ ಎರಡು ತೋಟಗಳ ರೈಟರ್‌ಗಳು ಹಾಜರಿ ಪಕ್ಕ ಕೆಲಸದ ಒಂದು ಅಕ್ಷರ ಹಾಕಲು ಒಪ್ಪಿದ್ದಾರೆ: ಕೊಯ್ಲಿಗೆ ಕೊ, ಏಣಿಗೆ ಏ. ಹೊಸಬರನ್ನು ಮೊದಲ ವಾರ ಏಣಿ ಹತ್ತಿಸಲ್ಲ ಅಂತಲೂ ಒಪ್ಪಿದ್ದಾರೆ. ಈ ಸೀಸನ್ ಮುಗಿದ ಮೇಲೆ ಏಣಿಯ ವ್ಯಕ್ತಿ-ದಿನವನ್ನೇ ಬೇರೆ ಎಣಿಸಿ ಅದರ ದರ ಹಾಕುತ್ತೇನೆ.