ಪೊಟ್ಯಾಸಿಯಂ 6.1: ಒಂದು ಲ್ಯಾಬಿನ ಬಗ್ಗೆ ನಾನು ವಿಮರ್ಶೆ ಬರೆದ ಬಗೆ

ಕಟಪಾಡಿಯಲ್ಲಿರುವ ನನ್ನ ಅಮ್ಮನಿಗೆ 76 ವರ್ಷ. ರಕ್ತದೊತ್ತಡಕ್ಕೆ ಅವರು ಟೆಲ್ಮಿಸಾರ್ಟಾನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಆ ಮಾತ್ರೆಯಿಂದ ಪೊಟ್ಯಾಸಿಯಂ ಏರುವ ಸಂಭವ ಇರುವುದರಿಂದ ಡಾಕ್ಟರರು ಆಗಾಗ ಕ್ರಿಯಾಟಿನಿನ್ ಮತ್ತು ಎಲೆಕ್ಟ್ರೊಲೈಟ್ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಕಳೆದ ಬಾರಿ ಉಡುಪಿಯ ಒಂದು ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಮಧ್ಯಾಹ್ನ 1 ಗಂಟೆಗೆ ವಾಟ್ಸಾಪಿನಲ್ಲಿ ಬಂದ ರಿಪೋರ್ಟಿನಲ್ಲಿ ಪೊಟ್ಯಾಸಿಯಂ 6.1 ಎಂದಿತ್ತು. ಸಾಮಾನ್ಯವಾಗಿ ಅದು 3.5ರಿಂದ 5ರ ಆಸುಪಾಸಿನಲ್ಲಿರಬೇಕು. 6 ದಾಟಿದರೆ ಹೃದಯದ ಬಡಿತ ಏರುಪೇರಾಗುವ ಭಯವಿದೆ.

ಅಮ್ಮ ಆಗ ಅಂಗಳದಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಸುಸ್ತಿಲ್ಲ, ಎದೆಬಡಿತದ ದೂರಿಲ್ಲ. ಕೂಡಲೇ ಡಾಕ್ಟರರ ಬಳಿಗೆ ಕರೆದುಕೊಂಡು ಹೋದೆ. ಇಸಿಜಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಅವರು ಮಾತ್ರೆ ನಿಲ್ಲಿಸುವ ಮೊದಲು ಅಲ್ಲಿಯೇ ಹೊಸದಾಗಿ ರಕ್ತ ತೆಗೆಸಿ, ಅರ್ಧ ಗಂಟೆಯ ಬಳಿಕ ರಕ್ತಕಣಗಳಿಂದ ಸೀರಂ ಎಂಬ ತಿಳಿ ದ್ರವವನ್ನು ಬೇರ್ಪಡಿಸಿ ನೋಡಿಸಿದರು. ಬಂದದ್ದು 4.4.

ಕೋಪದಲ್ಲಿ ಆಗಲೇ "ಸುಳ್ಳು ರಿಪೋರ್ಟ್ ಕೊಡುವ ಲ್ಯಾಬ್" ಎಂದು ಬರೆದುಬಿಡಬಹುದಿತ್ತು. ಆದರೆ ಎರಡು ಅಂಕಿಗಳ ನಡುವಿನ ಅಂತರಕ್ಕೆ ಕಾರಣ ತಿಳಿಯದೆ ಬರೆದರೆ ಅದು ದೂರಾಗುತ್ತದೆಯೇ ಹೊರತು ಇನ್ನೊಬ್ಬರಿಗೆ ಉಪಯೋಗವಾಗುವ ವಿಮರ್ಶೆಯಾಗುವುದಿಲ್ಲ. ಹಾಗಾಗಿ ಮೊದಲು ರಿಪೋರ್ಟಿನ ತಲೆಭಾಗವನ್ನು ಓದಿದೆ. ನಾವು ಹೆಚ್ಚಾಗಿ ಗಮನಿಸದ ಮೂರು ಸಮಯಗಳು ಅಲ್ಲಿರುತ್ತವೆ: ಸ್ಯಾಂಪಲ್ ತೆಗೆದದ್ದು, ಲ್ಯಾಬಿಗೆ ತಲುಪಿದ್ದು, ರಿಪೋರ್ಟ್ ಹೊರಟದ್ದು. ಇಲ್ಲಿ ತೆಗೆದದ್ದು 6.40, ತಲುಪಿದ್ದು 11.15. ಕಟಪಾಡಿಯಿಂದ ಉಡುಪಿಗೆ ಹತ್ತು ಕಿಲೋಮೀಟರಿನಷ್ಟು ದಾರಿಗೆ ನಾಲ್ಕೂವರೆ ಗಂಟೆ.

ರಕ್ತ ತೆಗೆದ ಹುಡುಗನಿಗೆ ಫೋನ್ ಮಾಡಿದೆ. ಅವನು ಏನನ್ನೂ ಮುಚ್ಚಿಡಲಿಲ್ಲ. ಶಂಕರಪುರ, ಶಿರ್ವದ ಮನೆಗಳನ್ನೂ ಮುಗಿಸಿಕೊಂಡೇ ಹೋದದ್ದು ಎಂದ. "ಐಸಿನ ಡಬ್ಬಿಯಲ್ಲೇ ಇಟ್ಟಿದ್ದೆ ಮೇಡಂ, ಹಾಳಾಗ್ಲಿಕ್ಕಿಲ್ಲ" ಎಂದೂ ಸೇರಿಸಿದ.

ತೊಂದರೆಯಾದದ್ದು ಅಲ್ಲಿಯೇ. ಕೆಂಪು ರಕ್ತಕಣಗಳ ಒಳಗೆ ಪೊಟ್ಯಾಸಿಯಂ ಹೊರಗಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಇರುತ್ತದೆ. ಅದನ್ನು ಒಳಗೇ ಹಿಡಿದಿಡುವ ಪಂಪು ತಣ್ಣಗಾದಾಗ ನಿಧಾನವಾಗಿ, ಪೊಟ್ಯಾಸಿಯಂ ಮೆಲ್ಲನೆ ಹೊರಗೆ ಸೋರುತ್ತದೆ. ಕಣಗಳು ಒಡೆದಿದ್ದರೆ ಸೀರಂ ಕೆಂಪಾಗಿ ಕಾಣುತ್ತದೆ, ಟೆಕ್ನಿಷಿಯನ್ನರಿಗೆ ಸಂಶಯ ಬರುತ್ತದೆ. ತಂಪಿನಿಂದ ಸೋರಿದಾಗ ಸೀರಂ ತಿಳಿಯಾಗಿಯೇ ಇರುತ್ತದೆ. ಆದ್ದರಿಂದ "ನಮ್ಮ ಮೆಷಿನ್ ಸರಿಯಾಗಿದೆ, ಸ್ಯಾಂಪಲ್ಲೂ ಚೆನ್ನಾಗಿತ್ತು" ಎಂದು ಲ್ಯಾಬಿನವರು ಹೇಳಿದ್ದು ಸುಳ್ಳಲ್ಲ. ಮೆಷಿನ್ ಟ್ಯೂಬಿನಲ್ಲಿದ್ದದ್ದನ್ನು ಸರಿಯಾಗಿಯೇ ಅಳೆದಿದೆ. ಟ್ಯೂಬಿನಲ್ಲಿದ್ದದ್ದು ಅಮ್ಮನ ಮೈಯಲ್ಲಿದ್ದ ಪ್ರಮಾಣವಾಗಿರಲಿಲ್ಲ, ಅಷ್ಟೇ. ಈ ಪರೀಕ್ಷೆಗೆ ರಕ್ತವನ್ನು ಐಸಿನಲ್ಲಿಡದೆ, ಎರಡು ಗಂಟೆಯೊಳಗೆ ಸೀರಂ ಬೇರ್ಪಡಿಸಬೇಕು.

ಮರುದಿನ ಬರೆದ ವಿಮರ್ಶೆಯಲ್ಲಿ ನಿಖರತೆ ಮತ್ತು ಸಮಯವನ್ನು ಒಟ್ಟಿಗೇ ಇಟ್ಟೆ, ಏಕೆಂದರೆ ಈ ಪ್ರಕರಣದಲ್ಲಿ ಅವು ಬೇರೆ ಬೇರೆಯಲ್ಲ: "ಮನೆಯಲ್ಲಿ 6.40ಕ್ಕೆ ತೆಗೆದ ರಕ್ತ ಐಸಿನ ಡಬ್ಬಿಯಲ್ಲಿ 11.15ಕ್ಕೆ ಲ್ಯಾಬಿಗೆ ತಲುಪಿತು. ಪೊಟ್ಯಾಸಿಯಂ 6.1 ಬಂತು, ಅದೇ ದಿನ ಬೇರೆಡೆ ತೆಗೆದು ಬೇಗ ಪರೀಕ್ಷಿಸಿದಾಗ 4.4. ರಿಪೋರ್ಟ್ ಹೇಳಿದ ಸಮಯಕ್ಕೇ ಬಂದಿದೆ, ಆದರೆ ಸ್ಯಾಂಪಲ್ ತಲುಪಿದ್ದು ತಡವಾಗಿ." ಇಷ್ಟು ದೊಡ್ಡ ಅಂಕಿ ಬಂದಾಗ ಲ್ಯಾಬಿನವರೇ ಫೋನ್ ಮಾಡಿ ತಿಳಿಸುವುದು ರೂಢಿ, ನಮಗೆ ಬರೀ ಪಿಡಿಎಫ್ ಬಂತು ಎಂದೂ ಬರೆದೆ. ನನ್ನ ದೃಷ್ಟಿಯಲ್ಲಿ ದೊಡ್ಡ ಲೋಪ ಇದೇ. ಅಮ್ಮ ಒಬ್ಬರೇ ಇರುವ ದಿನವಾಗಿದ್ದರೆ ಆ ಫೈಲನ್ನು ಯಾರೂ ತೆರೆಯುತ್ತಿರಲಿಲ್ಲ.

ಸೌಜನ್ಯದ ವಿಷಯದಲ್ಲಿ ಹುಡುಗನನ್ನು ಮೆಚ್ಚಿಯೇ ಬರೆದೆ. ಅವನು ಅಮ್ಮನ ಮುಷ್ಟಿಯನ್ನು ಪದೇಪದೇ ಬಿಗಿಸಲು ಹೇಳಲಿಲ್ಲ, ತೋಳಿನ ಪಟ್ಟಿಯನ್ನು ಬೇಗನೆ ಸಡಿಲಿಸಿದ. ಇವೆರಡರಲ್ಲಿ ತಪ್ಪಿದರೂ ಪೊಟ್ಯಾಸಿಯಂ ಹುಸಿಯಾಗಿ ಏರುತ್ತದೆ. ಬೆಲೆಯ ಬಗ್ಗೆ ಒಂದೇ ಸಾಲು: ಪರೀಕ್ಷೆಯ ದರ ಮೊದಲು ಹೇಳಿದಷ್ಟೇ ಇತ್ತು, ಮನೆಗೆ ಬರುವ 150 ರೂಪಾಯಿಯನ್ನು ಮಾತ್ರ ಬುಕಿಂಗ್ ಸಮಯದಲ್ಲಿ ತಿಳಿಸಿರಲಿಲ್ಲ.

ನಾಲ್ಕು ದಿನಗಳ ಬಳಿಕ ಲ್ಯಾಬಿನ ಮೇಲ್ವಿಚಾರಕಿ ಕರೆ ಮಾಡಿ ಸಮಯಗಳನ್ನು ಮತ್ತೊಮ್ಮೆ ಕೇಳಿ ಬರೆದುಕೊಂಡರು. ಮುಂದಿನ ಬಾರಿ ಕಟಪಾಡಿಯನ್ನು ಕೊನೆಯ ಮನೆಯಾಗಿ ಇಟ್ಟುಕೊಂಡರು. ಐಸಿಲ್ಲದ ಡಬ್ಬಿಯಲ್ಲಿ ಹೋದ ಟ್ಯೂಬು ನಲವತ್ತು ನಿಮಿಷದಲ್ಲಿ ತಲುಪಿತ್ತು, ಪೊಟ್ಯಾಸಿಯಂ 4.5. ಹಳೆಯ ವಿಮರ್ಶೆಯನ್ನು ಅಳಿಸದೆ, ಅದರ ಕೆಳಗೆ ಈ ಸಮಯಗಳನ್ನೂ ದಿನಾಂಕದೊಂದಿಗೆ ಸೇರಿಸಿದೆ.