ಅರ್ಧ ಈಥರ್‌ಗೆ ಶಾರ್ಟ್ ಹಾಕಿ ಕಾಯ್ದ 24 ದಿನ: ನನ್ನ ಅನುಭವ

ನನ್ ಹತ್ರ ಈಥರ್ ಅನ್ನೋ ಕ್ರಿಪ್ಟೊ 2 ಇತ್ತು, ಹಳೇ ಕಮ್ಮಿ ರೇಟಿಗೆ ತಗೊಂಡಿದ್ದು. ಕೋಲಾರದ ಹತ್ರ ನಮ್ ತೋಟಕ್ಕೆ ಬೋರ್‌ವೆಲ್ ಕೊರೆಸ್ಬೇಕಿತ್ತು, ಅದಕ್ಕೆ ಅರ್ಧ ಈಥರ್ ಮಾರೋಣ ಅಂತ ಲೆಕ್ಕ. ಆದ್ರೆ ಅದು ಮಾರ್ಚ್ ತಿಂಗಳು, ಆಗ ಮಾರಿದ್ರೆ ಲಾಭದ ಮೇಲಿನ 30% ಟ್ಯಾಕ್ಸ್ ಆ ವರ್ಷದ ಲೆಕ್ಕಕ್ಕೇ ಬೀಳುತ್ತೆ, ಏಪ್ರಿಲ್ 1 ದಾಟಿಸಿದ್ರೆ ಮುಂದಿನ ವರ್ಷಕ್ಕೆ ಹೋಗುತ್ತೆ. ಅಷ್ಟರೊಳಗೆ ರೇಟು ಬಿದ್ರೆ ಬೋರ್ ದುಡ್ಡೇ ಸಾಲಲ್ಲ. ಅದಕ್ಕೆ ಮಾರದೇ ಇರೋ ಆ ಅರ್ಧ ಈಥರ್‌ಗೆ ಮಾತ್ರ ಪರ್ಪೆಚುಯಲ್‌ನಲ್ಲಿ ಶಾರ್ಟ್ ಹಾಕ್ದೆ. ಪರ್ಪೆಚುಯಲ್ ಅಂದ್ರೆ ಎಕ್ಸ್‌ಪೈರಿ ಇಲ್ಲದ ಫ್ಯೂಚರ್ಸ್, ರೇಟು ಇಳಿದ್ರೆ ಶಾರ್ಟ್‌ಗೆ ಲಾಭ. ಉಳಿದ ಒಂದೂವರೆ ಈಥರ್ ಮುಟ್ಟಲಿಲ್ಲ, ಅದು ಹೇಗೂ ವರ್ಷಗಟ್ಟಲೆ ಇಟ್ಕೊಳ್ಳೋದು.

ಆವತ್ತು ಸ್ಪಾಟ್, ಅಂದ್ರೆ ಈಥರ್‌ನ ನೇರ ಮಾರೋ ರೇಟು, 2,502 ಡಾಲರ್, ಪರ್ಪೆಚುಯಲ್ ಅಥವಾ ಪರ್ಪ್ ರೇಟು 2,500. ಅರ್ಧ ಈಥರ್ ಅಂದ್ರೆ 1,250 ಡಾಲರಿನ ಪೊಸಿಷನ್, ಅದಕ್ಕೆ ಅಡವಿನ ದುಡ್ಡು, ಅಂದ್ರೆ ಮಾರ್ಜಿನ್ ಅಂತ ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ USDT 600 ಇಟ್ಟೆ, ನಷ್ಟ ಆದ್ರೆ ಅಷ್ಟೇ ಹೋಗೋ ಐಸೊಲೇಟೆಡ್ ಮೋಡ್‌ನಲ್ಲಿ. ಕಮ್ಮಿ ಮಾರ್ಜಿನ್‌ನಲ್ಲೂ ಆಗ್ತಿತ್ತು, ಆದ್ರೆ ಈ ಹೆಡ್ಜ್, ಅಂದ್ರೆ ರೇಟು ಬಿದ್ರೆ ಕಾಪಾಡೋ ಈ ಶಾರ್ಟ್, ಮುರಿಯೋದು ರೇಟು ಇಳಿದಾಗಲ್ಲ, ಏರಿದಾಗ. ನಾಲ್ಕನೇ ದಿನ 2,720ಕ್ಕೆ ಏರಿತು, ಶಾರ್ಟ್‌ನಲ್ಲಿ 110 ಡಾಲರ್ ನಷ್ಟ ತೋರಿಸ್ತು. ಈಥರ್ ಬೆಲೆನೂ ಅಷ್ಟೇ ಏರಿದೆ ನಿಜ, ಆದ್ರೆ ಅದು ಇರೋದು ಬೇರೆ ಎಕ್ಸ್‌ಚೇಂಜ್‌ನಲ್ಲಿ, ಆ ಲಾಭ ಇಲ್ಲಿ ಮಾರ್ಜಿನ್‌ಗೆ ಬರಲ್ಲ. 5x, 10x ಅಂತ ಮಾರ್ಜಿನ್‌ನ ಐದು, ಹತ್ತು ಪಟ್ಟು ಪೊಸಿಷನ್ ಹಾಕ್ಕೊಂಡಿದ್ರೆ, ಇನ್ನೊಂದಿಷ್ಟು ಏರಿದಾಗ ಮಾರ್ಜಿನ್ ಸಾಲದೆ ಎಕ್ಸ್‌ಚೇಂಜೇ ಅದನ್ನ ಮುಚ್ಚಿ, ಅಂದ್ರೆ ಲಿಕ್ವಿಡೇಟ್ ಆಗಿ, ಆಮೇಲೆ ರೇಟು ಬಿದ್ದಾಗ ಹೆಡ್ಜೇ ಇರ್ತಿರ್ಲಿಲ್ಲ. ನಂದು ಲಿಕ್ವಿಡೇಟ್ ಆಗ್ಬೇಕಾದ್ರೆ 3,600 ದಾಟಬೇಕಿತ್ತು, ಅದಕ್ಕೇ ರಾತ್ರಿ ನಿದ್ದೆ ಬಂತು.

ಫಂಡಿಂಗ್ ಅಂದ್ರೆ ರೇಟು ಏರುತ್ತೆ ಅಂತ ಲಾಂಗ್ ಹಾಕಿದವರು, ಇಳಿಯುತ್ತೆ ಅಂತ ಶಾರ್ಟ್ ಹಾಕಿದವರು ತಮ್ಮೊಳಗೆ ಕೊಟ್ಟು ತಗೊಳ್ಳೋ ದುಡ್ಡು, 8 ಗಂಟೆಗೊಂದ್ ಸಲ. ರೇಟ್ ಪಾಸಿಟಿವ್ ಇದ್ರೆ ಲಾಂಗ್‌ನವರು ಶಾರ್ಟ್‌ನವರಿಗೆ ಕೊಡ್ತಾರೆ, ನೆಗೆಟಿವ್ ಆದ್ರೆ ಉಲ್ಟಾ. ಮೊದಲ 10 ದಿನ 0.01% ಇತ್ತು, ಒಟ್ಟು 3.75 ಡಾಲರ್ ನನಗೇ ಬಂತು. ಆಮೇಲೆ ಮಾರ್ಕೆಟ್ ಬಿತ್ತು, ಎಲ್ರೂ ಶಾರ್ಟ್‌ಗೆ ನುಗ್ಗಿದ್ರು, ಫಂಡಿಂಗ್ ಮೈನಸ್ 0.02% ಆಸುಪಾಸಿಗೆ ಹೋಗಿ ಅಲ್ಲೇ ನಿಂತ್ಕೊಂಡ್ತು. ಉಳಿದ 14 ದಿನದಲ್ಲಿ 9 ಡಾಲರ್ ಹತ್ರ ನಾನೇ ಕಟ್ಟಿದೆ. ಅಂದ್ರೆ ಹೆಡ್ಜ್ ಯಾವಾಗ ಬೇಕೋ ಆವಾಗ್ಲೇ ಅದಕ್ಕೆ ಬಾಡಿಗೆ ಜಾಸ್ತಿ. ಶುರುವಲ್ಲಿ ಪಾಸಿಟಿವ್ ನೋಡಿ, ಹೆಡ್ಜ್ ಮಾಡಿದ್ರೆ ದುಡ್ಡೇ ಬರುತ್ತೆ ಅಂದ್ಕೊಂಡಿದ್ದು ತಪ್ಪು.

ಏಪ್ರಿಲ್ 2ನೇ ತಾರೀಕು ಅರ್ಧ ಈಥರ್ ಮಾರಿ, ಅದೇ ಹೊತ್ತಿಗೆ ಶಾರ್ಟ್ ಕ್ಲೋಸ್ ಮಾಡ್ದೆ. ಸ್ಪಾಟ್ 2,100, ಪರ್ಪ್ 2,108, ಯಾಕಂದ್ರೆ ಆವತ್ತು ರೇಟು ಸ್ವಲ್ಪ ಚೇತರಿಸ್ಕೊಂಡು ಶಾರ್ಟ್‌ನವರೆಲ್ಲ ಒಟ್ಟಿಗೆ ಹೊರಗೆ ಓಡ್ತಿದ್ರು. ಹಾಕುವಾಗ ಪರ್ಪ್ 2 ಡಾಲರ್ ಕೆಳಗೆ, ತೆಗೆಯುವಾಗ 8 ಡಾಲರ್ ಮೇಲೆ, ಎರಡೂ ನನಗೆ ವಿರುದ್ಧ. ಸ್ಪಾಟ್‌ನಲ್ಲಿ 201 ಡಾಲರ್ ಹೋಯ್ತು, ಶಾರ್ಟ್‌ನಲ್ಲಿ ಬಂದಿದ್ದು 196. ಇದೇ ಬೇಸಿಸ್ ರಿಸ್ಕ್, ಡಾಲರ್ ಲೆಕ್ಕದಲ್ಲಿ ಚಿಕ್ಕದೇ.

ಆದ್ರೆ ನನಗೆ ಬೇಕಾಗಿದ್ದು ರೂಪಾಯಿ. ಇಲ್ಲಿ ಏಟು ಬಿತ್ತು. ಶಾರ್ಟ್ ಹಾಕಿದ ದಿನ ಲೋಕಲ್ ಎಕ್ಸ್‌ಚೇಂಜ್‌ನಲ್ಲಿ USDT 88 ರೂಪಾಯಿ, ಕ್ಲೋಸ್ ಮಾಡಿದ ದಿನ 86. ಈಥರ್‌ನ ರೂಪಾಯಿ ರೇಟು ಡಾಲರ್ ರೇಟಿಗಿಂತ ಜಾಸ್ತಿ ಬಿದ್ದಿತ್ತು, ಶಾರ್ಟ್‌ಗೆ ಅದು ಗೊತ್ತೇ ಇಲ್ಲ. ಅರ್ಧ ಈಥರ್ ಮೇಲೆ ನಷ್ಟ 19,788 ರೂಪಾಯಿ, ಶಾರ್ಟ್ ತಂದಿದ್ದು 16,856. ಕೊರತೆ 2,932ರಲ್ಲಿ ಪರ್ಪ್-ಸ್ಪಾಟ್ ವ್ಯತ್ಯಾಸದ್ದು 430 ಅಷ್ಟೆ, ಮಿಕ್ಕಿದ್ದೆಲ್ಲ ಆ 2 ರೂಪಾಯಿ ಇಳಿದಿದ್ದರಿಂದ. ಫಂಡಿಂಗು, ಫೀಸು ಸೇರಿ ಬೇರೆ 535. ಮಾರ್ಜಿನ್‌ಗಿಟ್ಟ 600 USDT ಕೂಡ 1,200 ರೂಪಾಯಿ ಸವೆದಿತ್ತು.

ಅಪ್ಪನಿಗೆ ಇದನ್ನ ಬಿಡಿಸಿ ಹೇಳ್ದಾಗ, ವರ್ಷಗಳಿಂದ ಟೊಮ್ಯಾಟೊ ಹಾಕಿದ ಮನುಷ್ಯ, ಒಂದೇ ಮಾತಲ್ಲಿ ಹಿಡಿದ್ರು: "ನಿನ್ ಮಾಲು ಇರೋದು ಕೋಲಾರ ಮಂಡೀಲಿ, ನೀನು ರೇಟು ಕಟ್ಕೊಂಡಿರೋದು ಮದನಪಲ್ಲಿ ಮಂಡೀದು. ಎರಡೂ ಒಟ್ಟಿಗೆ ಏರಿಳೀತವೆ ಕಣಪ್ಪ, ಆದ್ರೆ ಒಂದೇ ಅಲ್ಲ."

ಈಗ ನಾನು ಶಾರ್ಟ್ ಹಾಕೋ ಮುಂಚೆ ಫಂಡಿಂಗ್‌ಗಿಂತ ಮೊದಲು ನೋಡೋದು USDT ರೂಪಾಯಿ ರೇಟು, ಬ್ಯಾಂಕಿನ ಡಾಲರ್ ರೇಟಿಗಿಂತ ಎಷ್ಟು ಮೇಲಿದೆ ಅಂತ. ಆ ವ್ಯತ್ಯಾಸ, ಅಂದ್ರೆ ಪ್ರೀಮಿಯಂ, ಜಾಸ್ತಿ ಇದ್ದ ದಿನ ಹಾಕಿದ್ರೆ ಅದು ಕರಗಿ ಆಗೋ ನಷ್ಟವನ್ನ ಹೆಡ್ಜ್ ತುಂಬಿಕೊಡಲ್ಲ. ಅಂಥ ದಿನ, ಬೇಕಾಗಿರೋದು ಕೆಲವೇ ವಾರದ ಕವರ್ ಆಗಿದ್ರೆ, ಟ್ಯಾಕ್ಸ್ ಈ ವರ್ಷಕ್ಕೇ ಬಿದ್ರೂ ಬೀಳಲಿ ಅಂತ ಬೇಕಾದಷ್ಟು ಈಥರ್ ನೇರ ಮಾರಿಬಿಡ್ತೀನಿ.