ಮೊಟ್ಟೆಯಿಲ್ಲದ ಬನ್ನಿಗೆ ಬಣ್ಣ ಒಂದರಿಂದ, ಹೊಳಪು ಇನ್ನೊಂದರಿಂದ

ನಮ್ಮ ಮನೆಯ ಅಡುಗೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಬೇಕರಿಯ ಬನ್ನಿನ ಮೇಲಿರುವ ಕಂದು ಬಣ್ಣ ಮತ್ತು ಹೊಳಪನ್ನು ಮೊಟ್ಟೆ ಹಚ್ಚದೆ ಪಡೆಯಲು ಯಾವುದು ತಕ್ಕುದೆಂದು ಅರಿಯುವುದಕ್ಕಾಗಿ ನಾನು ಒಂದೇ ಟ್ರೇಯಲ್ಲಿಟ್ಟ ಬನ್ನುಗಳಿಗೆ ಹಾಲು, ಕೆನೆ, ಎಣ್ಣೆ ಮತ್ತು ಬೆಲ್ಲದ ನೀರನ್ನು ಬೇರೆ ಬೇರೆಯಾಗಿ ಹಚ್ಚಿ, ಬೇಯಿಸಿ ಹೋಲಿಸಿದೆ. ಇವುಗಳಲ್ಲಿ ಯಾವುದೊಂದೂ ಮೊಟ್ಟೆಯ ಸ್ಥಾನವನ್ನು ಪೂರ್ತಿಯಾಗಿ ತುಂಬಲಿಲ್ಲ. ಮೊಟ್ಟೆಯ ಪ್ರೋಟೀನು ಓವನ್ನಿನ ಬಿಸಿಗೆ ಗಟ್ಟಿಯಾಗಿ ತೆಳುವಾದ, ನುಣುಪಾದ ಪದರವಾಗುತ್ತದೆ ಮತ್ತು ಅದೇ ಪ್ರೋಟೀನು ಸಕ್ಕರೆಯ ಅಂಶದೊಂದಿಗೆ ಸೇರಿ ಕಂದು ಬಣ್ಣವನ್ನೂ ಕೊಡುತ್ತದೆ. ಈ ಎರಡು ಕೆಲಸಗಳನ್ನು ಎರಡು ಪದಾರ್ಥಗಳಿಗೆ ಹಂಚಿ, ಬಣ್ಣಕ್ಕೆ ಬೇಯುವ ಮೊದಲು ಒಂದನ್ನು, ಹೊಳಪಿಗೆ ಬೆಂದ ಮೇಲೆ ಇನ್ನೊಂದನ್ನು ಹಚ್ಚತೊಡಗಿದ ಮೇಲೆಯೇ ನನಗೆ ಬೇಕಾದ ಬನ್ನು ಬಂದಿತು.

ಬಣ್ಣಕ್ಕೆ ಹಾಲೇ ಸರಿ. ಹಾಲಿನಲ್ಲಿ ಪ್ರೋಟೀನೂ ಇದೆ, ಲ್ಯಾಕ್ಟೋಸ್ ಎಂಬ ಸಕ್ಕರೆಯೂ ಇದೆ. ಬಿಸಿಗೆ ಇವೆರಡೂ ಸೇರಿ ಮೇಲ್ಮೈ ಕಂದಾಗುತ್ತದೆ. ಆದರೆ ಹಾಲಿನಲ್ಲಿ ಪ್ರೋಟೀನು ಮೊಟ್ಟೆಯಲ್ಲಿರುವುದಕ್ಕಿಂತ ಬಹಳ ಕಡಿಮೆ ಇರುವುದರಿಂದ ಪದರ ದಪ್ಪವಾಗದೆ, ಬಣ್ಣ ಬಂದರೂ ಮೇಲ್ಮೈ ಮಂಕಾಗಿಯೇ ಉಳಿಯುತ್ತದೆ. ಎರಡು ದೊಡ್ಡ ಚಮಚ ಹಾಲಿಗೆ ಒಂದು ಸಣ್ಣ ಚಮಚ ಹಾಲಿನ ಪುಡಿಯನ್ನು ಗಂಟಿಲ್ಲದಂತೆ ಕದಡಿ ಹಚ್ಚಿದರೆ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ಕೆನೆ ಹಚ್ಚಿದಾಗ ಅದರ ಕೊಬ್ಬಿನಿಂದ ಸ್ವಲ್ಪ ಹೊಳಪು ಬರುತ್ತದೆ, ಆದರೆ ಗಟ್ಟಿ ಕೆನೆ ಬ್ರಷ್ಷಿನ ಗೆರೆಗಳನ್ನು ಹಾಗೆಯೇ ಉಳಿಸುತ್ತದೆ. ಆದ್ದರಿಂದ ಎರಡು ಪಾಲು ಕೆನೆಗೆ ಒಂದು ಪಾಲು ಹಾಲು ಬೆರೆಸಿಕೊಳ್ಳುವುದು ಒಳ್ಳೆಯದು. ಎಣ್ಣೆಯಲ್ಲಿ ಪ್ರೋಟೀನೂ ಇಲ್ಲ, ಸಕ್ಕರೆಯೂ ಇಲ್ಲ. ಅದನ್ನು ಬೇಯಿಸುವ ಮೊದಲು ಹಚ್ಚಿದ ಬನ್ನು ಮೆತ್ತಗಾಗಿದ್ದರೂ ಬಿಳಿಚಿಕೊಂಡಿತ್ತು.

ಬೆಲ್ಲದ ನೀರನ್ನು ಬೇಯಿಸುವ ಮೊದಲೇ ಹಚ್ಚಿದ ಬನ್ನು ಒಳಗೆ ಬೇಯುವುದಕ್ಕೆ ಮುಂಚೆಯೇ ಮೇಲೆ ಕಪ್ಪು ಚುಕ್ಕೆಗಳಾಗಿ ಸೀದಿತು, ಪಕ್ಕಕ್ಕೆ ಇಳಿದ ನೀರು ಟ್ರೇಗೆ ಅಂಟಿಕೊಂಡಿತು. ಅದೇ ಬೆಲ್ಲ ಬೆಂದ ಬನ್ನಿನ ಮೇಲೆ ಅತ್ಯುತ್ತಮ ಹೊಳಪನ್ನು ಕೊಡುತ್ತದೆ.

ಈಗ ನಾನು ಅನುಸರಿಸುವ ಕ್ರಮ ಇದು. 250 ಗ್ರಾಂ ಮೈದಾದಿಂದ ಮಾಡಿದ ಎಂಟು ಸಿಹಿ ಬನ್ನುಗಳಿಗೆ ಎರಡು ದೊಡ್ಡ ಚಮಚ ಹಾಲು ಸಾಕಾಗಿ ಮಿಗುತ್ತದೆ. ಉಂಡೆ ಕಟ್ಟಿದ ಕೂಡಲೇ ಒಮ್ಮೆ ತೆಳುವಾಗಿ ಹಚ್ಚುತ್ತೇನೆ. ಇದರಿಂದ ಹಿಟ್ಟು ಎರಡನೆಯ ಸಲ ಉಬ್ಬುವಾಗ ಮೇಲ್ಮೈ ಒಣಗಿ ಬಿರುಕು ಬಿಡುವುದಿಲ್ಲ. ಉಬ್ಬಿದ ಮೇಲೆ, ಓವನ್ನಿಗೆ ಇಡುವ ಮುಂಚೆ, ಮೆತ್ತನೆಯ ಬ್ರಷ್ಷಿನಿಂದ ಒತ್ತದೆ ಇನ್ನೊಮ್ಮೆ ಹಚ್ಚುತ್ತೇನೆ. ಇಲ್ಲಿ ಕೈ ಭಾರವಾದರೆ ಉಬ್ಬಿದ ಹಿಟ್ಟು ಕುಗ್ಗಿಬಿಡುತ್ತದೆ. ಹಾಲಿನಲ್ಲಿ ನೊರೆಯಿದ್ದರೆ ಅದು ಇಳಿಯುವವರೆಗೆ ಕಾಯಬೇಕು, ಇಲ್ಲವಾದರೆ ಗುಳ್ಳೆಯ ಗುರುತುಗಳು ಬೆಂದ ಮೇಲೂ ಉಳಿಯುತ್ತವೆ. ಎಳ್ಳು ಉದುರಿಸುವುದಾದರೆ ಹಾಲು ಹಸಿಯಾಗಿರುವಾಗಲೇ ಉದುರಿಸಬೇಕು. ಓಟಿಜಿಯಲ್ಲಿ 180 ಡಿಗ್ರಿಗೆ 18ರಿಂದ 20 ನಿಮಿಷ ಬೇಯಿಸುತ್ತೇನೆ. ಕೆಳಗಿನ ರಾಡ್ ಒಂದನ್ನೇ ಉರಿಸುವವರು ಕೊನೆಯ ನಾಲ್ಕೈದು ನಿಮಿಷ ಮೇಲಿನದನ್ನೂ ಹಾಕಬೇಕು, ಏಕೆಂದರೆ ಮೇಲಿನಿಂದ ಬಿಸಿ ತಾಗದಿದ್ದರೆ ಯಾವ ಹಾಲೂ ಬಣ್ಣ ಕೊಡುವುದಿಲ್ಲ.

ಬನ್ನು ಬೇಯುತ್ತಿರುವಾಗಲೇ ಎರಡು ದೊಡ್ಡ ಚಮಚ ಬೆಲ್ಲದ ಪುಡಿಗೆ ಒಂದು ಚಮಚ ನೀರು ಹಾಕಿ ಕರಗಿಸಿ, ಮಣ್ಣು ಮತ್ತು ಕಸ ಉಳಿಯದಂತೆ ಸೋಸಿ, ಮತ್ತೆ ಒಲೆಯ ಮೇಲಿಟ್ಟು ಬೆರಳಿಗೆ ತುಸು ಅಂಟುವವರೆಗೆ ಕುದಿಸಿಕೊಳ್ಳುತ್ತೇನೆ. ಎಳೆ ಬರುವಷ್ಟು ಕಾಯಿಸಬಾರದು. ಬನ್ನನ್ನು ಹೊರತೆಗೆದ ಕೂಡಲೇ ಬಿಸಿ ಪಾಕವನ್ನು ಬಿಸಿ ಬನ್ನಿನ ಮೇಲೆ ಒಂದೇ ಸಲ ಎಳೆದರೆ ನೀರಿನಂಶ ಆ ಕಾವಿಗೇ ಆರಿ ಹೊಳಪು ನಿಲ್ಲುತ್ತದೆ. ಪಾಕ ನೀರಾಗಿದ್ದರೆ ಬನ್ನು ಅದನ್ನು ಹೀರಿ ಸುಕ್ಕುಗಟ್ಟುತ್ತದೆ, ಗಟ್ಟಿಯಾಗಿದ್ದರೆ ಬೆರಳಿಗೆ ಅಂಟುತ್ತದೆ. ಬೆಲ್ಲ ಗಾಳಿಯ ತೇವವನ್ನು ಸೆಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ಸರಿಯಾದ ಪಾಕವೂ ಮರುದಿನದ ಹೊತ್ತಿಗೆ ಜಿಗುಟಾಗುತ್ತದೆ. ಆ ದಿನಗಳಲ್ಲಿ ನಾನು ಸಕ್ಕರೆ ಪಾಕವನ್ನೇ ಬಳಸುತ್ತೇನೆ, ಅದರ ಬಣ್ಣ ತಿಳಿಯಾಗಿದ್ದರೂ ಅಂಟು ಕಡಿಮೆ. ಕೆಲಸ ಉಳಿಸಲೆಂದು ಬೆಲ್ಲವನ್ನು ಹಾಲಿಗೇ ಹಾಕಿ ಕಾಯಿಸುವುದು ಬೇಡ, ಹಾಲು ಒಡೆದು ಬನ್ನಿನ ಮೇಲೆ ತರಿತರಿಯಾಗಿ ಕೂರುತ್ತದೆ.

ಖಾರಾ ಬನ್ನಿಗೆ ಸಿಹಿ ಪಾಕ ಒಗ್ಗುವುದಿಲ್ಲ. ಅದಕ್ಕೂ ಬೇಯುವ ಮೊದಲು ಹಾಲನ್ನೇ ಹಚ್ಚಿ, ಹೊರತೆಗೆದ ಮೇಲೆ ಕರಗಿಸಿದ ಬೆಣ್ಣೆಯನ್ನೋ ವಾಸನೆಯಿಲ್ಲದ ಎಣ್ಣೆಯನ್ನೋ ಸವರುತ್ತೇನೆ. ಈ ಹೊಳಪು ಪಾಕದಷ್ಟು ಹೊತ್ತು ನಿಲ್ಲದೆ, ಕೊಬ್ಬು ಒಳಗಿಳಿದಂತೆ ಮಂಕಾಗುತ್ತದೆ. ಆದ್ದರಿಂದ ಸಂಜೆ ಬಡಿಸುವ ಖಾರಾ ಬನ್ನನ್ನು ಬೆಳಿಗ್ಗೆಯೇ ಬೇಯಿಸಿದ್ದರೆ, ಬಡಿಸುವ ಮುಂಚೆ ಎರಡು ನಿಮಿಷ ಬಿಸಿ ಮಾಡಿ ಇನ್ನೊಮ್ಮೆ ತೆಳುವಾಗಿ ಬೆಣ್ಣೆ ಸವರುವುದು ನನ್ನ ರೂಢಿ.